ಮುಖಚಿತ್ರದ ಮೇಲಿನ ಮಾತು

ವ್ಯಾಯಾಮದ ಟೀಚರಿಗೆ ಸುಳ್ಳು ಹೇಳುವವರನ್ನು ಕಂಡರೆ ಮೈಯೆಲ್ಲಾ ಉರಿಯುತ್ತಿತ್ತು. ಸೋಫಾ ಪಕ್ಕಕ್ಕೆ ಸರಿಸಿ ಮನೆಯಲ್ಲೇ ತೆಗೆದ ವಿಡಿಯೋದ ಕೆಳಗೆ ಅವಳು ಬರೆದ ವಿವರಣೆ ಸಪ್ಪೆಯಾಗಿಯೇ ಇತ್ತು: ‘ಹೊಸಬರಿಗೆ ಹಗುರ ವ್ಯಾಯಾಮ. ಒಂದು ಗಟ್ಟಿ ಕುರ್ಚಿ ಸಾಕು. ನೋವಾದರೆ ನಿಲ್ಲಿಸಿ. ಇದು ಚಿಕಿತ್ಸೆಯಲ್ಲ, ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ ಮಾಡಿ.’

“ಇದನ್ನ ಯಾರು ನೋಡ್ತಾರಕ್ಕಾ?” ಎಂದು ತಮ್ಮ ಗೊಣಗಿದ. ವಿಡಿಯೋ ಅಪ್‌ಲೋಡ್ ಮಾಡುವುದು ಅವನ ಕೆಲಸ.

“ನಾನು ಬರೆದದ್ದರಲ್ಲಿ ಒಂದಕ್ಷರ ಮುಟ್ಟಬೇಡ,” ಎಂದಳು. ಅವನು ಮುಟ್ಟಲಿಲ್ಲ.

ಕೆಲವು ವಾರಗಳ ಮೇಲೆ ಚಿಕ್ಕಮ್ಮ ತಲೆಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಅಂಶ ಮಿತಿಮೀರಿತ್ತು.

“ಮಾತ್ರೆ ಬಿಟ್ಟಿದ್ದೆ ಕಣೇ. ನೀನೇ ಹೇಳಿದ್ದೆಯಲ್ಲ,” ಎಂದರು.

ಟೀಚರು ದಂಗಾಗಿ ಫೋನು ತೆಗೆದು ವಿವರಣೆ ತೋರಿಸಿದಳು. ಚಿಕ್ಕಮ್ಮ ಅದನ್ನು ಓದಲಿಲ್ಲ. ಫೋನಿನಲ್ಲೇ ಒಂದು ಪುಟ ಹಿಂದಕ್ಕೆ ಹೋಗಿ, ವಿಡಿಯೋ ತೆರೆಯುವ ಮೊದಲು ಕಾಣುವ ಮುಖಚಿತ್ರದ ಮೇಲೆ ಬೆರಳಿಟ್ಟರು. ಟೀಚರ ನಗುಮುಖದ ಕೆಳಗೆ ಕೆಂಪಕ್ಷರದಲ್ಲಿತ್ತು: ‘ಸಕ್ಕರೆ ಕಾಯಿಲೆಗೆ ಇನ್ನು ಮಾತ್ರೆ ಬೇಡ!’ ಅವಳು ಆ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ.

“ವಿವರಣೆ ಮುಟ್ಟಿಲ್ಲಕ್ಕಾ,” ಜೊತೆಗೆ ಬಂದಿದ್ದ ತಮ್ಮ ನೆಲ ನೋಡಿದ. “ಇದು ಬರೀ ಚಿತ್ರ.”

“ಚಿತ್ರದ ಮೇಲೆ ಬರೆದರೂ ಸುಳ್ಳು ಸುಳ್ಳೇ ಕಣೋ, ಮುಠ್ಠಾಳ. ಈಗಲೇ ತೆಗಿ,” ಎಂದು ಹರಿಹಾಯ್ದಳು.

ಚಿಕ್ಕಮ್ಮ ಅವಳ ಕೈ ಹಿಡಿದರು. “ಅವನನ್ನ ಯಾಕೆ ಬೈತೀಯ? ಅಂಥ ಮಾತು ದಿನಾ ಎಷ್ಟೋ ನೋಡ್ತೀನಿ, ನಂಬಲ್ಲ. ಇದರ ಮೇಲೆ ನಿನ್ನ ಮುಖ ಇತ್ತಲ್ಲೇ.”