ಅರುಣಾಳ ಕರಾರಿನ ‘ಹೂಂ’

ಸೂರ್ಯ ಹುಟ್ಟಲು ಮೋಟೆಬೆನ್ನೂರಿನ ಅರುಣಾಳ ಒಪ್ಪಿಗೆ ಬೇಕಿದ್ದರೆ ಲೋಕ ಇನ್ನೂ ಕತ್ತಲಲ್ಲೇ ಇರುತ್ತಿತ್ತು. ‘ಹೂಂ, ಹುಟ್ಟಲಿ. ಆದರ ಎಷ್ಟೊತ್ತನಕ ಇರ್ತಾನ?’ ಎಂದು ಕೇಳದೆ ಅವಳು ಬಿಡುತ್ತಿರಲಿಲ್ಲ. ಬರಿಯ ‘ಹೂಂ’ ಅವಳ ಬಾಯಿಂದ ಹೊರಟದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇಲ್ಲ. ಗಂಡ ಚಹಾ ಕೇಳಿದರೂ ಕರಾರು ಇರುತ್ತಿತ್ತು.

ಈ ವೀರಾಗ್ರಣಿ ಬಿ.ಎಸ್ಸಿ. ಮುಗಿಸಿ, ಬ್ಯಾಡಗಿಯ ಹೊರಗೆ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯ ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಲು ಮುನಾಫನ ಆನ್‌ಲೈನ್ ಅಂಗಡಿಗೆ ದಂಡೆತ್ತಿ ಹೋದಳು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಬೇರೆ ಊರಿಗೆ ಹೋಗುವಿರಾ, ರಾತ್ರಿ ಪಾಳಿ ಮಾಡುವಿರಾ, ಪ್ರಯಾಣಕ್ಕೆ ಸಿದ್ಧರಾ ಎಂಬ ಮೂರು ಪ್ರಶ್ನೆಗಳಿಗೂ ಮುನಾಫ ಕೇಳದೆಯೇ ‘ಹೌದು’ ಒತ್ತಿಬಿಟ್ಟ.

“ಅವನ್ನ ಯಾಕ ಒತ್ತಿದಿ?”

“ಇಲ್ಲ ಅಂದ್ರ ಕಂಪ್ಯೂಟರ್ ಅರ್ಜಿ ಒಗೀತೈತಿ ಅಕ್ಕಾ. ಎಲ್ಲಾರಿಗೂ ಹಿಂಗ ಒತ್ತತೇನಿ.”

“‘ಹೌದು’ ಇರಲಿ. ಕೆಳಗಿನ ಖಾಲಿ ಜಾಗದಾಗ ನಾ ಹೇಳಿದ್ದು ಬರಿ.”

“ಅದನ್ನ ಯಾರೂ ಓದೂದಿಲ್ಲ. ನನ್ನ ತಲಿ ತಿನಬ್ಯಾಡ.”

“ಯಾರೂ ಓದೂದಿಲ್ಲಂದ್ರ ಬರಿಯಾಕ ನಿನಗೇನ ತ್ರಾಸು?”

ಮುನಾಫ ಹಲ್ಲು ಕಡಿಯುತ್ತ ಟೈಪು ಮಾಡಿದ: ಈಗ ಹಾವೇರಿ ಜಿಲ್ಲೆಯೊಳಗೆ ಎಲ್ಲಿಯಾದರೂ, ಒಂದು ವರ್ಷದ ನಂತರ ತಿಂಗಳು ಮೊದಲೇ ತಿಳಿಸಿದರೆ ಬೇರೆ ಊರಿಗೂ. ರಾತ್ರಿ ಪಾಳಿ ತಿಂಗಳಿಗೊಂದು ವಾರ, ಮನೆಯಿಂದ ಕಂಪನಿಯ ಗಾಡಿ ಇದ್ದರೆ. ಪ್ರಯಾಣ ತಿಂಗಳಿಗೆ ನಾಲ್ಕು ದಿನದವರೆಗೆ.

ಸಂದರ್ಶನದ ದಿನ ಮೆಣಸಿನ ಘಾಟಿಗೆ ಎಲ್ಲರೂ ಸೀನುತ್ತಿದ್ದರು. ಸೀನಿ ಸೀನಿ ಮ್ಯಾನೇಜರನ ಕಣ್ಣುಗಳು ಕೆಂಪಾಗಿದ್ದವು. ಅದೇ ಕೆಲಸಕ್ಕೆ ಬಂದಿದ್ದ ಮೇಡ್ಲೇರಿಯ ಗುಡದಪ್ಪನನ್ನೂ ಅರುಣಾಳನ್ನೂ ಜೊತೆಗೇ ಒಳಗೆ ಕರೆದ. ಅವಳ ಅರ್ಜಿ ಓದಿ ಸಿಡಿದ.

“ಇದು ಅರ್ಜಿನೋ, ಮದುವಿ ಮಾತುಕತಿನೋ? ಇವನ್ನ ನೋಡು. ಮೂರಕ್ಕೂ ಹೌದು, ಕೆಳಗ ಒಂದಕ್ಷರ ಇಲ್ಲ. ಗುಡದಪ್ಪಾ, ಬರೂ ಸೋಮವಾರ ಗುಂಟೂರಿನ ಶಾಖೆಗೆ ಹೋಗು. ಆರು ತಿಂಗಳು.”

“ಸೋಮವಾರನ? ಮನ್ಯಾಗ ಕೇಳಿ ಹೇಳ್ತೇನ್ರಿ.”

“ಹೋಗ್ಲಿ, ಇಲ್ಲೇ ರಾತ್ರಿ ಪಾಳಿ ಮಾಡು.”

“ರಾತ್ರಿ ನನಗ ನಿದ್ದಿ ತಡಿಯಾಕ ಆಗೂದಿಲ್ರಿ.”

“ಊರೂರು ಅಡ್ಡಾಡಿ ಸ್ಯಾಂಪಲ್ ತರ್ತೀಯೇನು?”

“ಬಸ್ಸಿನ್ಯಾಗ ವಾಂತಿ ಬರ್ತೈತ್ರಿ.”

ಮ್ಯಾನೇಜರ್ ಗುಡದಪ್ಪನ ಅರ್ಜಿಯನ್ನು ಪಕ್ಕಕ್ಕೆಸೆದು ಅರುಣಾಳ ಕಡೆ ತಿರುಗಿದ.

“ನೀ ಹೋಗ್ತೀಯೇನ ಗುಂಟೂರಿಗೆ?”

“ವರ್ಷ ಆದ ಮ್ಯಾಲೆ. ಅರ್ಜ್ಯಾಗ ಬರದೇನಲ್ರಿ.”

“ಈ ತಿಂಗಳ ಕಡೀ ವಾರ ರಾತ್ರಿ ಪಾಳಿ?”

“ಗಾಡಿ ಕಳಸ್ರಿ, ಬರ್ತೇನಿ.”

ಅವನು ಕಷಾಯ ಕುಡಿದವನಂತೆ ಮುಖ ಮಾಡಿ, ಅವಳ ಹೆಸರಿನ ಮುಂದೆ ಗುರುತು ಹಾಕಿದ. ಗುಂಟೂರಿಗೆ ಬೇರೆಯವರನ್ನು ಹುಡುಕುವ ಕರ್ಮ ಅವನ ಪಾಲಿಗೇ ಉಳಿಯಿತು.

“ಸೊಕ್ಕು ಭಾಳ ಐತಿ ನಿನಗ. ಯಾವ ವಕೀಲ ಬರದುಕೊಟ್ಟ ಇದನ್ನ?”

ಮೂಗೊರೆಸಿಕೊಂಡು ಅರುಣಾ ಹೇಳಿದಳು:

“ಯಾರೂ ಇಲ್ರಿ. ನನ್ನ ಕಡಿಂದ ಆಗೂದು ಅಷ್ಟ.”