ವಯಸ್ಸು ಕೇಳದೆ ಹೇಳಿದ ಮಾತು

ನನ್ನ ಔಷಧಿ ಅಂಗಡಿಗೂ ಪಕ್ಕದ ಆರೋಗ್ಯ ಕೇಂದ್ರಕ್ಕೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಾಚೆ ಕೂರುವ ಸಿಸ್ಟರ್ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ನಾನು ಮಾರಿದ್ದನ್ನು ಆಕೆ ವಾಪಸ್ ಕಳಿಸುತ್ತಿದ್ದರು. ಹಸುಗೂಸಿಗೆಂದು ಯಾರಾದರೂ ಗ್ರೈಪ್ ವಾಟರ್ ಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಅದೇ ಸೀಸೆ, ಮುಚ್ಚಳ ಕೂಡ ತೆರೆಯದೆ, ನನ್ನ ಮುಂದೆ ಬಂದು ಕೂರುತ್ತಿತ್ತು. "ಸಿಸ್ಟರ್ ಬೇಡ ಅಂದ್ರು" ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಅವರನ್ನು ಬೀದಿಯವರೆಲ್ಲ ತಕ್ಕಡಿ ಸಿಸ್ಟರ್ ಎನ್ನುತ್ತಾರೆ. ಬಾಣಂತಿಯರ ಮನೆಗೆ ಹೋಗುವಾಗ ಹೆಗಲಿಗೆ ಒಂದು ಚೀಲ, ಅದರೊಳಗೆ ಕೂಸುಗಳನ್ನು ಬಟ್ಟೆಯಲ್ಲಿ ಮಲಗಿಸಿ ತೂಗುವ ತಕ್ಕಡಿ. ಕುಳ್ಳಗೆ, ದಪ್ಪಗೆ ಇರುವ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ಪ್ಲಾಸ್ಟರ್ ಸುತ್ತಿಕೊಂಡಿರುತ್ತಾರೆ. ತಾಯಂದಿರು ಏನೇ ಹೇಳಲು ಶುರುಮಾಡಿದರೂ ಮಧ್ಯೆ ತಡೆದು, "ಮೊದ್ಲು ಇದು ಹೇಳಮ್ಮ, ಮಗುಗೆ ಎಷ್ಟು ದಿನ?" ಎನ್ನುತ್ತಾರೆ. ಅದು ನನಗೆ ಅಹಂಕಾರವಾಗಿ ಕಾಣುತ್ತಿತ್ತು.

ಹೋದ ವರ್ಷ ನನ್ನ ಮಗಳು ಹೆರಿಗೆಗೆ ಬಂದಳು. ಮೊಮ್ಮಗಳು ಹುಟ್ಟಿ ಎರಡು ತಿಂಗಳು ತುಂಬಿತ್ತು, ತಾಯಿಯ ಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ದಿನಕ್ಕೆ ಐದು ಸಲ ಕಕ್ಕ ಮಾಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಿತು. ಒಂದು ದಿನ, ಎರಡು ದಿನ, ಆರು ದಿನ. ನನ್ನ ಹೆಂಡತಿ ಕೂಸಿಗೆ ಹಿಂದಿನಿಂದ ಇಡಲು ಸೋಪಿನ ಚೂರು ಕೆತ್ತಿ ಸಿದ್ಧವಾದಳು. ಮಗಳು ತನ್ನ ಹಾಲೇ ಕೆಟ್ಟಿದೆ ಎಂದು ಅಳತೊಡಗಿದಳು, ಡಬ್ಬಿ ಹಾಲು ತಂದುಬಿಡಪ್ಪಾ ಎಂದಳು. ನಾನು ಅಂಗಡಿಯಿಂದ ಮಲ ಸಡಿಲಿಸುವ ಗುಳಿಗೆಯೊಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ತಕ್ಕಡಿ ಸಿಸ್ಟರ್ ಚಪ್ಪಲಿ ಇತ್ತು. ಮಗಳೇ ಕರೆಸಿದ್ದಳು.

ಸಿಸ್ಟರ್ ಕೂಸಿನ ಬಟ್ಟೆ ಬಿಚ್ಚಿ ಹೊಟ್ಟೆ ಮುಟ್ಟಿ ನೋಡಿದರು. ಮೆತ್ತಗಿತ್ತು. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತೆ ಎಂದು ಕೇಳಿದರು. ಏಳೆಂಟು. ವಾಂತಿ ಇದೆಯಾ, ಜ್ವರ ಇದೆಯಾ? ಇಲ್ಲ. ಕೊನೆಯ ಸಲ ಮಾಡಿದ್ದು ಹೇಗಿತ್ತು? ಮೆತ್ತಗೆ, ಹಳದಿಯಾಗಿ. ಆಮೇಲೆ ತೂಗಿದರು. ಹಿಂದಿನ ಸಲಕ್ಕಿಂತ ಚೆನ್ನಾಗಿ ಏರಿತ್ತು.

"ಅಳಬೇಡಮ್ಮ, ನಿನ್ನ ಹಾಲಿಗೆ ಏನೂ ಆಗಿಲ್ಲ" ಎಂದರು. "ತಿಂಗಳು ಒಂದೂವರೆ ದಾಟಿದ ಮೇಲೆ ಬರೀ ಎದೆಹಾಲು ಕುಡಿಯೋ ಎಷ್ಟೋ ಮಕ್ಕಳು ಹೀಗೇ. ಹಾಲೆಲ್ಲ ಮೈಗೆ ಹಿಡಿಯುತ್ತೆ, ಹೊರಗೆ ಹಾಕೋಕೆ ಹೆಚ್ಚು ಉಳಿಯಲ್ಲ. ವಾರ, ಕೆಲವು ಸಲ ಇನ್ನೂ ಎರಡು ದಿನ ಜಾಸ್ತಿ ಆಗುತ್ತೆ. ಬಂದಾಗ ಮೆತ್ತಗಿದ್ರೆ ಅದು ಮಲಬದ್ಧತೆ ಅಲ್ಲ. ಹೊಟ್ಟೆ ಉಬ್ಬಿ ಗಟ್ಟಿಯಾದ್ರೆ, ಹಸಿರು ವಾಂತಿ ಆದ್ರೆ, ರಕ್ತ ಕಂಡ್ರೆ, ಹಾಲು ಬೇಡ ಅಂದ್ರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ." ನನ್ನ ಹೆಂಡತಿಯ ಕೈಲಿದ್ದ ಸೋಪನ್ನು ನೋಡಿ, "ಅದನ್ನ ಬಟ್ಟೆ ಒಗೆಯೋಕೆ ಇಟ್ಕೊಳ್ಳಿ ಅಕ್ಕ, ಬೇಕಾಗುತ್ತೆ" ಎಂದು ಚೀಲ ಹೆಗಲಿಗೇರಿಸಿದರು.

ಎಂಟನೆಯ ದಿನ ಬೆಳಿಗ್ಗೆ ಅಜ್ಜಿಯ ತೊಡೆಯ ಮೇಲೆ ಮೊಮ್ಮಗಳು ಎಲ್ಲ ಬಾಕಿ ಒಮ್ಮೆಗೇ ತೀರಿಸಿದಳು. ಮೆತ್ತಗೆ, ಹಳದಿಯಾಗಿ, ಸೀರೆಯ ನೆರಿಗೆ ತುಂಬ. ನನ್ನ ಹೆಂಡತಿ ಅಷ್ಟು ಸಂತೋಷದಿಂದ ಸೀರೆ ಬದಲಾಯಿಸಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಅಂದಿನಿಂದ ನಾನು ಸಿಸ್ಟರ್ ಶಿಷ್ಯನಾದೆ. ಸಂಜೆ ನಾಲ್ಕಕ್ಕೆ ಅವರಿಗೂ ಚಹಾ ತರಿಸುತ್ತಿದ್ದೆ. ಅಂಗಡಿಗೆ ಬಂದವರಿಗೆ ಸೀಸೆಯ ಬದಲು ಬುದ್ಧಿಮಾತು ಕೊಡತೊಡಗಿದೆ. ಕೊಡುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಚಹಾ ಕುಡಿಯುತ್ತ ಹೇಳಿದೆ. "ಮೊನ್ನೆ ಒಬ್ಬ ಬಸ್ ಕಂಡಕ್ಟರ್ ಬಂದಿದ್ದ ಸಿಸ್ಟರ್. ಮಗು ಎರಡು ದಿನದಿಂದ ಹೋಗಿಲ್ಲ, ಏನಾದ್ರೂ ಕೊಡಿ ಅಂದ. ಎದೆಹಾಲು ಮಾತ್ರ ತಾನೇ ಅಂತ ಕೇಳಿದೆ, ಹೌದು ಅಂದ. ವಾರ ಆದ್ರೂ ಹೆದರಬೇಡ, ನಿಶ್ಚಿಂತೆಯಿಂದ ಹೋಗು ಅಂತ ಕಳಿಸಿದೆ."

"ಮಗುಗೆ ಎಷ್ಟು ದಿನ?"

ಅದನ್ನು ನಾನು ಕೇಳಿರಲೇ ಇಲ್ಲ. ನಲವತ್ತು ವರ್ಷದಿಂದ ಮಕ್ಕಳ ಜ್ವರದ ಔಷಧಿಯ ಒಂದು ಹನಿಯನ್ನೂ ವಯಸ್ಸು ಕೇಳದೆ ಕೊಟ್ಟವನಲ್ಲ ನಾನು. ಮಾತನ್ನು ಮಾತ್ರ ಹಾಗೇ ಕೊಟ್ಟಿದ್ದೆ.

ಸಿಸ್ಟರ್ ಅರ್ಧ ಕುಡಿದ ಲೋಟ ಇಟ್ಟು ಎದ್ದರು. "ಅಂಗಡಿ ಮುಚ್ಚಿ ಅಣ್ಣ. ಅವರ ಮನೆ ಹುಡುಕೋಣ."

ಬಸ್ ಡಿಪೋದಲ್ಲಿ ವಿಚಾರಿಸಿದೆವು. ಹೊಸದಾಗಿ ಅಪ್ಪನಾದ ಕಂಡಕ್ಟರ್ ಯಾರು ಎಂದು ಕೇಳಿದರೆ ಅವನು ಹಂಚಿದ ಸಿಹಿ ತಿಂದವರೆಲ್ಲ ವಿಳಾಸ ಹೇಳಿದರು. ದಾರಿಯಲ್ಲಿ ನಾನು ಸುಮ್ಮನಿರಲಾರದೆ, "ನೀವು ಹೇಳಿದ್ದನ್ನೇ ತಾನೇ ನಾನೂ ಹೇಳಿದ್ದು" ಎಂದೆ.

"ನಿಮ್ಮ ಮೊಮ್ಮಗಳಿಗೆ ಹೇಳಿದ್ದು. ಅದೂ ತೂಗಿದ ಮೇಲೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು. "ಮೊದಲ ಕೆಲವು ವಾರ ಚೆನ್ನಾಗಿ ಹಾಲು ಕುಡಿಯೋ ಮಗು ದಿನಕ್ಕೆ ಮೂರು ನಾಲ್ಕು ಸಲವಾದ್ರೂ ಹೋಗುತ್ತೆ. ಆಗ ನಿಂತುಹೋದ್ರೆ ಒಳಗೆ ಹಾಲು ಸಾಕಷ್ಟು ಹೋಗ್ತಿಲ್ಲ ಅಂತಿರಬಹುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ನಿಮ್ಮ ಹಾಗೇ ಹೇಳಿ ಬಂದಿದ್ದೆ. ಎಂಟು ದಿನದ ಮಗು. ಉಳೀತು, ಆದ್ರೆ ಅದು ಉಳಿಯೋ ತನಕ ನಾನು ಊಟ ಮಾಡಿದ್ದು ನೆನಪಿಲ್ಲ. ಅವತ್ತಿಂದ ಈ ಚೀಲ ಹೆಗಲಿಂದ ಇಳಿದಿಲ್ಲ." ನಾನು ಅಹಂಕಾರ ಅಂದುಕೊಂಡಿದ್ದು ಭಯವಾಗಿತ್ತು.

ಒಂದೇ ಕೋಣೆಯ ಮನೆ. ಕಂಡಕ್ಟರ್ ಡ್ಯೂಟಿಗೆ ಹೋಗಿದ್ದ. ಅವನ ಹೆಂಡತಿ ನಮ್ಮನ್ನು ಕಂಡು ಗಡಿಬಿಡಿಯಿಂದ ಎದ್ದಳು. ಮಗುವಿಗೆ ಹನ್ನೊಂದು ದಿನ. "ತುಂಬ ಒಳ್ಳೆ ಮಗು ಸಿಸ್ಟರ್, ಅಳೋದೇ ಇಲ್ಲ, ಯಾವಾಗಲೂ ನಿದ್ದೆ" ಎಂದಳು. ಆ ಮಾತು ಕೇಳಿ ಸಿಸ್ಟರ್ ಮುಖ ಬಿಗಿಯಾಯಿತು. ಬೆಳಿಗ್ಗೆಯಿಂದ ಒದ್ದೆಯಾದದ್ದು ಒಂದೇ ಬಟ್ಟೆ, ಅದರಲ್ಲೂ ಗಾಢ ಹಳದಿ ಕಲೆ. ಬಾಗಿಲ ಮೇಲಿನ ಕೊಕ್ಕೆಗೆ ತಕ್ಕಡಿ ನೇತುಹಾಕಿದರು. ಹುಟ್ಟಿದಾಗ ಮೂರು ಕಿಲೋ. ಮುಳ್ಳು ಎರಡು ಕಿಲೋ ಆರುನೂರರಲ್ಲಿ ನಿಂತಿತು. ಇಷ್ಟು ದಿನಕ್ಕೆ ಹುಟ್ಟಿದ ತೂಕಕ್ಕೆ ಹತ್ತಿರವಾದರೂ ಬರಬೇಕಿತ್ತು ಎಂದು ನನಗೂ ಗೊತ್ತಿತ್ತು.

ಸಿಸ್ಟರ್ ತಾಯಿಯನ್ನು ಹೆದರಿಸಲಿಲ್ಲ, ಬೈಯಲಿಲ್ಲ. ನಾನು ಹೊರಗೆ ನಿಂತೆ. ಮಗು ಮೊಲೆಯ ತುದಿಯನ್ನಷ್ಟೇ ಕಚ್ಚಿಕೊಂಡು ನಾಲ್ಕು ಸಲ ಚೀಪಿ ಮಲಗಿಬಿಡುತ್ತಿತ್ತಂತೆ. ಬಾಯಿ ಅಗಲವಾಗಿ ತೆರೆಸಿ ಹಿಡಿಸುವುದನ್ನು ತೋರಿಸಿದರು, ಹಾಲು ಹಿಂಡಿಸಿ ಚಮಚದಲ್ಲಿ ಕುಡಿಸಿದರು. ಆಮೇಲೆ ಆಟೋ ಕರೆಸಿ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಹೊರಡಿಸಿದರು.

ನಾಲ್ಕು ದಿನ ಅಲ್ಲಿಟ್ಟುಕೊಂಡರು. ಆ ನಾಲ್ಕು ದಿನ ನಾನು ಅಂಗಡಿಯಲ್ಲಿ ಕೂತಿದ್ದೆ ಅಷ್ಟೇ, ವ್ಯಾಪಾರ ಮಾಡಿದ್ದು ನನ್ನ ಕೈ. ಐದನೆಯ ದಿನ ಸಿಸ್ಟರ್ ಗೋಡೆ ಬಡಿದು ಕೂಗಿದರು. "ಇನ್ನೂರು ಗ್ರಾಂ ಏರಿದೆ. ದಿನಕ್ಕೆ ನಾಲ್ಕು ಸಲ ಕಕ್ಕ." ಬಿಲ್ಲು ಬರೆಯುವ ಕೌಂಟರಿನ ಹಿಂದೆ ಕೂತು ಅತ್ತೆ. ನಾಚಿಕೆಯಾಗಲಿಲ್ಲ.

ಅಂದು ಸಂಜೆ ತಪ್ಪೊಪ್ಪಿಕೊಳ್ಳಲೆಂದೇ ಕಂಡಕ್ಟರ್ ಮನೆಗೆ ಹೋದೆ. ಹೇಗೆ ಶುರುಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಗಿಲು ತೆರೆದವನೇ ಅವನು ನನ್ನ ಎರಡೂ ಕೈ ಹಿಡಿದುಕೊಂಡ, ನೀವು ಹುಡುಕಿಕೊಂಡು ಬರದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದ. ಒಳಗೆ ಮಗು ಜೋರಾಗಿ ಅಳುತ್ತಿತ್ತು. ಅದನ್ನು ಎದೆಗೆ ಹಾಕಿಕೊಂಡು ಸೆರಗು ಮುಚ್ಚಿದ ತಾಯಿ ನನ್ನ ಕಡೆ ನೋಡಿ ನಕ್ಕಳು.

"ಮೊದಲು ನಮಗೆ ಧೈರ್ಯ ಹೇಳಿದ್ದೂ ನೀವೇ ಅಲ್ವಾ ಅಪ್ಪಾಜಿ" ಎಂದಳು. "ನಿಮ್ಮ ಮಾತು ಕೇಳಿ ಎರಡು ರಾತ್ರಿ ನಾವು ಕಣ್ತುಂಬ ನಿದ್ದೆ ಮಾಡಿದ್ವಿ."