ಇದ್ದಷ್ಟಕ್ಕನ ಸ್ವಂತ ಪತ್ರ

ನಮ್ಮ ಬ್ರಷ್ ಕಾರ್ಖಾನೆಯಲ್ಲಿ ಕೆಲಸಗಾರರ ಕಡತ ನೋಡಿಕೊಳ್ಳುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಎಲ್ಲೂ ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಆಕೆ ಇದ್ದಷ್ಟಕ್ಕ. ಯಾರು ಯಾವ ಪತ್ರ ಕೇಳಿದರೂ "ಇದ್ದಷ್ಟು ಬರೀತೀನಿ" ಎನ್ನುತ್ತಿದ್ದರಿಂದ ಬಂದ ಹೆಸರು ಅದು. ನನಗಿಂತ ನಾಲ್ಕು ವರ್ಷ ಚಿಕ್ಕವರು. ಆದರೂ ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನಾನು ಅಲ್ಲಿಯ ಸ್ಟೋರ್ ಕೀಪರ್. ಅಂಟು, ವಾರ್ನಿಷ್, ಮರದ ಹಿಡಿಗಳು, ಮೂಟೆಗಟ್ಟಲೆ ಕೂದಲು, ಇವುಗಳ ನಡುವೆ ನನ್ನ ಆಯುಷ್ಯ ಕಳೆಯಿತು.

ಬ್ಯಾಂಕ್ ಸಾಲಕ್ಕೋ ವೀಸಾಕ್ಕೋ ಉದ್ಯೋಗ ದೃಢೀಕರಣ ಪತ್ರ ಬೇಕೆಂದರೆ ಅಕ್ಕನ ಮೇಜಿಗೇ ಹೋಗಬೇಕು. ಅಕ್ಕ ಕಡತ ತೆಗೆದು, ಸೇರಿದ ದಿನಾಂಕ, ಹುದ್ದೆ, ಸಂಬಳ ಈ ಮೂರನ್ನು ಬರೆದು, ಸಾಹುಕಾರರ ಸಹಿ ಮೊಹರು ಹಾಕಿಸಿ ಕೊಡುತ್ತಿದ್ದರು. ಬ್ಯಾಂಕಿನವರು ವಿಚಾರಿಸಲು ಫೋನ್ ಮಾಡಿದರೆ, ಮಾಹಿತಿ ಕೊಡಬಹುದು ಎಂದು ಕೆಲಸಗಾರ ಸಹಿ ಮಾಡಿದ ಕಾಗದ ಕಡತದಲ್ಲಿ ಇದೆಯೇ ಎಂದು ಮೊದಲು ನೋಡುವುದು, ಆಮೇಲೆ ಬಾಯಿ ತೆರೆಯುವುದು. ಪತ್ರದಲ್ಲಿ ಇದ್ದದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುತ್ತಿರಲಿಲ್ಲ.

ಒಮ್ಮೆ ವಾರ್ನಿಷ್ ವಿಭಾಗದ ಮೇಸ್ತ್ರಿ ವೀಸಾಕ್ಕೆಂದು ಪತ್ರ ಕೇಳಿದ. "ರಜೆ ಮುಗಿಸ್ಕೊಂಡು ಖಂಡಿತ ವಾಪಸ್ ಬರ್ತಾನೆ ಅಂತ ಒಂದು ಸಾಲು ಸೇರಿಸಿ ಅಕ್ಕ" ಎಂದ.

"ನೀನು ಬರ್ತೀಯ ಅಂತ ನನಗೆ ಹೇಗೆ ಗೊತ್ತು? ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಮಂಜೂರಾಗಿದೆ ಅಂತ ಬರೀತೀನಿ. ಅದು ಕಡತದಲ್ಲಿದೆ. ವಾಪಸ್ ಬರೋದನ್ನ ನೀನೇ ಅರ್ಜಿಯಲ್ಲಿ ಬರ್ಕೋ."

ಮೇಸ್ತ್ರಿ ಮುಖ ಊದಿಸಿಕೊಂಡು ಹೋದ. ವೀಸಾ ಸಿಕ್ಕಿತು, ಹೋದ, ವಾಪಸ್ಸೂ ಬಂದ. ಬಂದ ದಿನಾಂಕವನ್ನು ಅಕ್ಕ ಕಡತದಲ್ಲಿ ಬರೆದುಕೊಂಡರು.

ನನ್ನ ಸಿಟ್ಟು ಮಾತ್ರ ಅಷ್ಟು ಬೇಗ ಇಳಿಯುವ ಪೈಕಿಯದಲ್ಲ. ಮಗಳ ಓದಿನ ಸಾಲಕ್ಕೆ ಪತ್ರ ಬೇಕಾದಾಗ ಓವರ್‌ಟೈಮನ್ನೂ ಸೇರಿಸಿ ತಿಂಗಳ ಸಂಬಳ ಎಂದೇ ಬರೆಯಿರಿ ಎಂದು ಕೇಳಿದ್ದೆ. ಆಗುವುದಿಲ್ಲ ಎಂದರು, ಕಡ್ಡಿ ಮುರಿದ ಹಾಗೆ. ಸಂಬಳ ಬೇರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ನಿಜವಾಗಿ ಕೊಟ್ಟ ಓವರ್‌ಟೈಮ್ ಬೇರೆ ಸಾಲಿನಲ್ಲಿ ಬರೆದರು. ಎರಡು ತಿಂಗಳು ನಾನು ಆಕೆಯೊಂದಿಗೆ ಮಾತು ಬಿಟ್ಟೆ. ಅಂಟಿನ ಡಬ್ಬ ಬೇಕೆಂದು ಚೀಟಿ ಕಳಿಸಿದರೆ ಡಬ್ಬ ಕೊಟ್ಟು ಕಳಿಸುತ್ತಿದ್ದೆ, ಅಷ್ಟೆ. ಸಾಲವೇನೋ ಆಯಿತು. ನಾನು ಮಾತ್ರ ಆ ಸಾಲವನ್ನು ಆಕೆಯ ಪತ್ರದಿಂದಲೇ ಪಡೆದೆ ಎಂದು ಒಪ್ಪಿಕೊಳ್ಳಲು ಇನ್ನೂ ಒಂದು ವರ್ಷ ಹಿಡಿಯಿತು.

ಅಂಥ ಅಕ್ಕನಿಗೆ ಒಂದು ದಿನ ಪತ್ರ ಬೇಕಾಯಿತು.

ಅಕ್ಕ ಮತ್ತು ಆಕೆಯ ತಂಗಿ ಇಬ್ಬರೇ ಒಂದು ಬಾಡಿಗೆ ಮನೆಯಲ್ಲಿದ್ದರು. ತಂಗಿಗೆ ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಎರಡು ಕೋಣೆಯ ಆ ಮನೆಯನ್ನು ಇಪ್ಪತ್ತು ವರ್ಷದಲ್ಲಿ ಇಬ್ಬರೂ ಸೇರಿ ಆ ಕುರ್ಚಿಯ ಅಳತೆಗೆ ತಂದಿದ್ದರು. ಹೊಸಿಲು ಕಿತ್ತು ನೆಲ ಸಮ ಮಾಡಿಸಿದ್ದರು. ಸ್ವಿಚ್ಚುಗಳು ಸೊಂಟದ ಎತ್ತರಕ್ಕೆ ಇಳಿದಿದ್ದವು. ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿಕೆ, ಒಲೆಯ ಕಟ್ಟೆ ತಗ್ಗು. ಅಕ್ಕ ಕೆಲಸಕ್ಕೆ ಬಂದರೆ ತಂಗಿ ಯಾರ ಹಂಗೂ ಇಲ್ಲದೆ ಅಡುಗೆ ಮಾಡಿ, ಸ್ನಾನ ಮಾಡಿ, ಬಾಗಿಲು ತೆರೆದು ಹಾಕಿ, ಬಟ್ಟೆ ಹೊಲಿದು ಕೊಡುತ್ತಿದ್ದಳು. ಈಗ ಮನೆಯ ಒಡತಿ ಅದನ್ನು ಮಾರಿ ಮಗನ ಹತ್ತಿರ ಹೋಗುವವರಿದ್ದರು. ತಿಂಗಳ ಕೊನೆಯೊಳಗೆ ಬ್ಯಾಂಕು ಸಾಲಕ್ಕೆ ಒಪ್ಪಿದರೆ ಮನೆ ಅಕ್ಕನಿಗೆ. ಇಲ್ಲವಾದರೆ ಪಕ್ಕದ ಟೈಲ್ಸ್ ಅಂಗಡಿಯವನಿಗೆ, ಗೋದಾಮಿಗೆ.

ಬ್ಯಾಂಕಿನವರು ಅಕ್ಕನ ಅರ್ಜಿಯನ್ನು ತಿರುಗಿಸಿ ಕೊಟ್ಟಿದ್ದರು. ಸಂಬಳದ ಚೀಟಿಯಲ್ಲಿ ಹುದ್ದೆ "ಪ್ಯಾಕಿಂಗ್ ಸಹಾಯಕಿ" ಎಂದಿತ್ತು. ಸಹಾಯಕಿಗೆ ಅಷ್ಟು ಸಂಬಳ ಹೇಗೆ? ಹುದ್ದೆಗೂ ಸಂಬಳಕ್ಕೂ ತಾಳೆಯಾಗುತ್ತಿಲ್ಲ, ಕಂಪನಿಯಿಂದ ಪತ್ರ ತನ್ನಿ ಎಂದಿದ್ದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ದೊಡ್ಡ ಸಾಹುಕಾರರು ಆಕೆಯನ್ನು ಪ್ಯಾಕಿಂಗಿನಿಂದ ಆಫೀಸಿಗೆ ಕರೆತಂದು ಕೂರಿಸಿದರು, ಗುಮಾಸ್ತೆಯ ಸಂಬಳ ಕೊಟ್ಟರು, ಹುದ್ದೆ ಬದಲಿಸುವ ಆದೇಶ ಬರೆಯುವುದನ್ನು ಮರೆತು ತೀರಿಕೊಂಡರು. ಊರೆಲ್ಲರ ಕಡತ ತಿದ್ದಿದ ಹೆಂಗಸು ತನ್ನ ಕಡತ ಮುಟ್ಟಿರಲಿಲ್ಲ. ಕೇಳಿದರೆ, "ನನ್ನ ಕಡತಕ್ಕೆ ನಾನೇ ಕೈ ಹಾಕೋದು ಸರಿಯಾ?" ಎಂದರು.

ಈಗಿನ ಸಣ್ಣ ಸಾಹುಕಾರರು ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. "ಇದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಆಡಳಿತ ಮ್ಯಾನೇಜರ್, ಇಪ್ಪತ್ತಾರು ವರ್ಷದ ಸೇವೆ ಅಂತ ಬರೀರಿ, ಸಹಿ ಹಾಕ್ತೀನಿ" ಎಂದರು.

"ಬೇಡ ಸರ್. ಮ್ಯಾನೇಜರ್ ಅಂತ ಯಾವ ಕಾಗದದಲ್ಲೂ ಇಲ್ಲ. ಇಪ್ಪತ್ತಾರರಲ್ಲಿ ಮೊದಲ ಮೂರು ವರ್ಷ ಗುತ್ತಿಗೆದಾರನ ಕೈಕೆಳಗೆ ದಿನಗೂಲಿ ಮಾಡಿದ್ದು. ಅದು ನಮ್ಮ ದಾಖಲೆಯಲ್ಲಿ ಇಲ್ಲ. ಮತ್ತೆ ನನ್ನ ಪತ್ರ ನಾನು ಬರೀಬಾರದು. ಬೇರೆ ಯಾರಿಗಾದ್ರೂ ಹೇಳಿ."

ಸಾಹುಕಾರರ ಕಣ್ಣು ಆಫೀಸೆಲ್ಲ ಸುತ್ತಿ ನನ್ನ ಮೇಲೆ ನಿಂತಿತು.

ಆಕೆಯ ಕಡತ ಹಿಡಿದು ಸ್ಟೋರಿಗೆ ಬಂದೆ. ನಿಜ ಹೇಳುತ್ತೇನೆ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮೂರು ವರ್ಷ ನಾನೂ ಅಲ್ಲೇ ಇದ್ದೆ. ಆಕೆ ಡಬ್ಬಿಗಳಿಗೆ ಲೇಬಲ್ ಅಂಟಿಸಿ ಬೆರಳು ಸುಲಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನನ್ನ ಕಣ್ಣನ್ನು ಕಡತಕ್ಕೆ ಲಗತ್ತಿಸಲು ಬರುವುದಿಲ್ಲವಲ್ಲ. ಇರುವ ಕಾಗದದ ಮೇಲೆ ಬರೆದರೆ ಬರೀ "ಪ್ಯಾಕಿಂಗ್ ಸಹಾಯಕಿ". ಬ್ಯಾಂಕಿನವರ ಪ್ರಶ್ನೆ ಹಾಗೇ ಉಳಿಯುತ್ತದೆ. ಮನೆ ಟೈಲ್ಸ್ ಅಂಗಡಿಗೆ ಹೋಗುತ್ತದೆ.

ಊಟದ ಹೊತ್ತಿಗೆ ನನಗೆ ಆಕೆಯ ಮೇಜು ನೆನಪಾಯಿತು. ಆ ಮೇಜು ಕೊಟ್ಟವನು ನಾನು.

ಸ್ಟೋರಿನಿಂದ ಒಂದು ಮೊಳೆ ಹೊರಹೋದರೂ ಚೀಟಿ ಇಲ್ಲದೆ ಕೊಟ್ಟವನಲ್ಲ ನಾನು. ಆ ಚೀಟಿಗಳನ್ನು ವರ್ಷವಾರು ಕಟ್ಟಿ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. "ಇಲಿಗಳಿಗೆ ಹಾಸಿಗೆ ಮಾಡಿಟ್ಟಿದ್ದೀಯ" ಎಂದು ಎಲ್ಲರೂ ಆಡಿಕೊಂಡಿದ್ದಾರೆ. ಏಣಿ ಹಾಕಿ ಹತ್ತಿ, ಹದಿನಾಲ್ಕು ವರ್ಷದ ಹಿಂದಿನ ಕಟ್ಟುಗಳನ್ನು ಇಳಿಸಿದೆ. ಧೂಳಿಗೆ ಸೀನಿ ಸೀನಿ ಕಣ್ಣಲ್ಲಿ ನೀರು. ಮೂರನೇ ಕಟ್ಟಿನಲ್ಲಿ ಸಿಕ್ಕಿತು. ದೊಡ್ಡ ಸಾಹುಕಾರರ ಕೈಬರಹ, ಸಹಿ, ದಿನಾಂಕ. ಆಕೆಯ ಹೆಸರು, ಟೋಕನ್ ನಂಬರು. "ಪ್ಯಾಕಿಂಗಿನಿಂದ ಇಂದು ಆಫೀಸಿನ ಕಡತದ ಕೆಲಸಕ್ಕೆ ಬಂದಿದ್ದಾರೆ. ಮೇಜು ಒಂದು, ಕುರ್ಚಿ ಒಂದು, ಬೀರು ಒಂದು ಕೊಡುವುದು."

ಸಂಬಳದ ಪುಸ್ತಕ ತರಿಸಿ ನೋಡಿದೆ. ಅದೇ ತಿಂಗಳಿನಿಂದ ಸಂಬಳ ಏರಿತ್ತು. ಎರಡು ಕಾಗದ, ಎರಡೂ ಒಂದೇ ಮಾತು. ನಾನು ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ಪತ್ರ ಬರೆದೆ. ದಾಖಲೆ ಪ್ರಕಾರ ಕಾಯಂ ಆಗಿ ಸೇರಿದ ದಿನಾಂಕ. ಸಂಬಳದ ದಾಖಲೆಯಲ್ಲಿ ಹುದ್ದೆ ಪ್ಯಾಕಿಂಗ್ ಸಹಾಯಕಿ. ಅಂದಿನ ಮಾಲೀಕರ ಸಹಿಯಿರುವ ಇಂಥ ದಿನಾಂಕದ ಚೀಟಿಯ ಪ್ರಕಾರ ಆ ದಿನದಿಂದ ಆಫೀಸಿನ ಕಡತದ ಕೆಲಸ, ಈಗಲೂ ಅದೇ ಕೆಲಸ. ಅದೇ ತಿಂಗಳಿನಿಂದ ಸಂಬಳ ಪರಿಷ್ಕರಣೆ. ಈಗಿನ ಸಂಬಳ ಇಷ್ಟು. ಚೀಟಿಯ ನಕಲು ಲಗತ್ತಿಸಿದೆ. ಕೊನೆಗೆ ಕೈ ಸುಮ್ಮನಿರಲಿಲ್ಲ, "ಇವರು ಅತ್ಯಂತ ಪ್ರಾಮಾಣಿಕರು" ಎಂದೂ ಸೇರಿಸಿದೆ.

ಸಾಹುಕಾರರಿಗೆ ಕೊಡುವ ಮೊದಲು ತಪ್ಪಿದೆಯೇ ನೋಡಿ ಎಂದು ಅಕ್ಕನಿಗೆ ತೋರಿಸಿದೆ. ಚೀಟಿಯ ನಕಲನ್ನು ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಗೀಟು ಎಳೆದರು.

"ಇದೇನಕ್ಕ, ಇದೂ ಸುಳ್ಳಾ?"

"ಬ್ಯಾಂಕಿನವರು ಫೋನ್ ಮಾಡಿ ಇದಕ್ಕೆ ದಾಖಲೆ ಏನಿದೆ ಅಂತ ಕೇಳಿದ್ರೆ ಏನು ತೋರಿಸ್ತೀರಿ, ಸ್ಟೋರಣ್ಣ?"

ಆ ಸಾಲು ಬಿಟ್ಟು ಶುದ್ಧ ಪ್ರತಿ ಮಾಡಿಸಿದೆ. ಸಹಿಯಾಯಿತು, ಮೊಹರಾಯಿತು. ಗೀಟು ಬಿದ್ದ ಕರಡನ್ನು ಅಕ್ಕ ಮಡಚಿ ಚೀಲಕ್ಕೆ ಹಾಕಿಕೊಂಡರು. ಹರಿದು ಎಸೆಯಲು ಇರಬೇಕು ಎಂದುಕೊಂಡೆ.

ಮೂರನೇ ದಿನ ಆಫೀಸಿನ ಫೋನ್ ರಿಂಗಾಯಿತು. ಫೋನ್ ಇರುವುದು ಅಕ್ಕನ ಮೇಜಿನ ಮೇಲೆ. ಎತ್ತಿದರು, ಬ್ಯಾಂಕಿನವರ ಬಾಯಲ್ಲಿ ತಮ್ಮದೇ ಹೆಸರು ಕೇಳಿಸಿಕೊಂಡರು. "ಒಂದು ನಿಮಿಷ, ಇದನ್ನ ಬೇರೆಯವರು ಹೇಳ್ತಾರೆ" ಎಂದು ನನಗೆ ಹೇಳಿ ಕಳಿಸಿದರು. ನಾನು ಬಂದು ಮೊದಲು ಆಕೆಯ ಒಪ್ಪಿಗೆಯ ಕಾಗದ ತೆರೆದಿಟ್ಟುಕೊಂಡೆ, ಆಕೆ ಮಾಡುತ್ತಿದ್ದ ಹಾಗೆಯೇ. ಹುದ್ದೆ ಹೇಳಿದೆ, ದಿನಾಂಕ ಹೇಳಿದೆ, ಸಂಬಳ ಹೇಳಿದೆ.

"ಮುಂದೆಯೂ ಕೆಲಸದಲ್ಲಿ ಇರ್ತಾರಾ?" ಎಂದ ಬ್ಯಾಂಕಿನ ಅಧಿಕಾರಿ.

ಖಂಡಿತ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯ ಪಕ್ಕ ನಿಂತಿದ್ದ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಇವತ್ತು ಕೆಲಸದಲ್ಲಿದ್ದಾರೆ ಸರ್. ರಾಜೀನಾಮೆ ಕೊಟ್ಟಿಲ್ಲ, ನಾವೂ ನೋಟಿಸ್ ಕೊಟ್ಟಿಲ್ಲ. ನಿವೃತ್ತಿ ದಿನಾಂಕ ಕಡತದಲ್ಲಿದೆ, ಬೇಕಾದ್ರೆ ಹೇಳ್ತೀನಿ."

ದಿನಾಂಕ ಬರೆದುಕೊಂಡ ಅಧಿಕಾರಿ ಕೇಳಿದ, "ನಿಮ್ಮಲ್ಲಿ ಯಾವಾಗ್ಲೂ ಒಬ್ಬರು ಮೇಡಂ ಮಾತಾಡ್ತಿದ್ರಲ್ಲ, ಈಗ್ಲೂ ಅವರೇ ಫೋನ್ ಎತ್ತಿದ್ರು, ಯಾಕೆ ಹೇಳ್ಲಿಲ್ಲ?"

"ಇಲ್ಲೇ ಇದ್ದಾರೆ. ಇದು ಅವರದೇ ಪತ್ರ. ಅದಕ್ಕೇ ನಾನು."

"ಸರಿ. ಚೀಟಿಯ ಮೂಲ ಪ್ರತಿ ನೋಡೋಕೆ ನಮ್ಮವರು ನಾಳೆ ಬರ್ತಾರೆ" ಎಂದು ಅಧಿಕಾರಿ ಫೋನ್ ಇಟ್ಟ.

ಬಂದರು, ನೋಡಿದರು, ಸಂಬಳದ ಪುಸ್ತಕಕ್ಕೆ ತಾಳೆ ಹಾಕಿ ಹೋದರು. ತಿಂಗಳು ಮುಗಿಯಲು ಎರಡು ದಿನವಿದ್ದಾಗ ಸಾಲ ಮಂಜೂರಾಯಿತು. ಸಣ್ಣ ಸಾಹುಕಾರರು ಹುದ್ದೆ ಬದಲಿಸುವ ಆದೇಶವನ್ನೂ ಬರೆದರು. ಹದಿನಾಲ್ಕು ವರ್ಷ ಹಿಂದಿನ ದಿನಾಂಕ ಹಾಕಲೇ ಎಂದರೆ ಅಕ್ಕ ಒಪ್ಪಲಿಲ್ಲ. "ಇವತ್ತು ಬರೆದದ್ದಕ್ಕೆ ಇವತ್ತಿನ ದಿನಾಂಕ ಸರ್" ಎಂದರು.

ಮನೆ ಹೆಸರಿಗಾದ ಮೇಲೆ ಒಂದು ಭಾನುವಾರ ಕರೆದರು, ಹೋದೆ. ಬಾಗಿಲು ತೆರೆದವಳು ತಂಗಿ. ಕುರ್ಚಿಯನ್ನು ಗಿರಕ್ಕನೆ ತಿರುಗಿಸಿ, "ಬನ್ನಿ ಸ್ಟೋರಣ್ಣ, ಹೊಸಿಲಿಲ್ಲ, ಎಡವೋ ಭಯ ಇಲ್ಲ" ಎಂದು ನಕ್ಕಳು. ಅಕ್ಕ ಒಳಗೆ ನೀರು ತರಲು ಹೋಗಿದ್ದರು.

ಗೋಡೆಯ ಮೇಲೆ, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ, ಒಂದು ಕಾಗದ ಅಂಟಿಸಿತ್ತು. ನಾನು ಬಗ್ಗಿ ನೋಡಿದೆ. ನನ್ನದೇ ಕರಡು. "ಇವರು ಅತ್ಯಂತ ಪ್ರಾಮಾಣಿಕರು" ಎಂಬ ಸಾಲಿನ ಮೇಲೆ ಅಕ್ಕನ ಕೆಂಪು ಗೀಟು ಹಾಗೇ ಇತ್ತು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಪುಟ್ಟ ಅಕ್ಷರದಲ್ಲಿ, ಬೇರೆ ಕೈಬರಹ:

"ಈ ಸಾಲನ್ನು ದೃಢೀಕರಿಸಿದ್ದೇನೆ. ಹುದ್ದೆ: ತಂಗಿ. ಸೇರಿದ ದಿನಾಂಕ: ಹುಟ್ಟಿದ ದಿನ."

ಕೆಳಗೆ ಸಹಿ ಇತ್ತು, ಬರೆದ ದಿನದ ದಿನಾಂಕವೂ ಇತ್ತು.